"ಸರ್ಕಾರಿ ಬಾಂಡ್, ರಿಸ್ಕೇ ಇಲ್ಲ" ಅನ್ನೋರಿಗೆ

(1/3)
ದೋಸ್ತ್ರ, ರೀಲ್ಸ್‌ನ್ಯಾಗ ಒಂದು ಮಾತು ಭಾಳ ಓಡಾಡಾಕತ್ತೈತಿ: "ಗಿಲ್ಟ್ ಫಂಡ್ ಅಂದ್ರ ಸರ್ಕಾರಿ ಬಾಂಡ್, ಎಫ್‌ಡಿ ಇದ್ದಂಗ." ಇದು ಅರ್ಧ ಸತ್ಯ. ಹೇಳಿದ ದಿನ ಬಡ್ಡಿ, ಅವಧಿ ಮುಗಿದಾಗ ಅಸಲು, ಇಷ್ಟಕ್ಕ ಮಾತ್ರ ಸರ್ಕಾರದ ಭರವಸೆ. ನಡುವ ಆ ಬಾಂಡ್ ಪ್ಯಾಟಿಯೊಳಗ ಎಷ್ಟಕ್ಕ ಮಾರತೈತಿ ಅನ್ನೋದಕ್ಕ ಯಾರದೂ ಭರವಸೆ ಇಲ್ಲ. ಫಂಡ್‌ನ ಎನ್‌ಎವಿ ದಿನಾ ನಿಂತಿರೋದು ಆ ಬೆಲೆ ಮ್ಯಾಲೆನ.

ನಮ್ಮ ನಂದಗಡದ ಗದ್ದೆ ಲೆಕ್ಕದಾಗ ನೋಡ್ರಿ. ಒಬ್ಬರು ಒಂದು ವರ್ಷಕ್ಕ ಲಾವಣಿಗೆ ಕೊಟ್ಟಾರ, ಇನ್ನೊಬ್ಬರು ಅದೇ ದರಕ್ಕ 30 ವರ್ಷ ಬರಕೊಟ್ಟಾರ. ಸುತ್ತಲಿನ ದರ ಏರಿತು. ಮೊದಲಿನವರು ವರ್ಷ ತುಂಬಿದ ಕೂಡ್ಲೆ ಹೊಸ ದರ ಕೇಳ್ತಾರ. ಎರಡನೆಯವರು 30 ವರ್ಷ ಹಳೇ ದರಕ್ಕ ಸಿಕ್ಕಿಬಿದ್ರು.

(2/3)
ಈಗ ರೊಕ್ಕದ ಲೆಕ್ಕ. 100 ರೂಪಾಯಿಯ ಎರಡು ಬಾಂಡ್, ಎರಡಕ್ಕೂ ವರ್ಷಕ್ಕ 7 ರೂಪಾಯಿ ಬಡ್ಡಿ. ಒಂದರ ಅವಧಿ 1 ವರ್ಷ, ಇನ್ನೊಂದರದು 30. ನಾಳೆ ಮಾರುಕಟ್ಟೆ ಬಡ್ಡಿ 8% ಆತು ಅಂತ ಹಿಡೀರಿ.

ಒಂದು ವರ್ಷದ್ದು ಕೊನೆಗೆ ಕೊಡೋದು 107. ಅದನ್ನ 1.08ರಿಂದ ಭಾಗಿಸಿದ್ರ 99.07. ಹೋದದ್ದು ರೂಪಾಯಿಗಿಂತ ಕಡಿಮಿ. 30 ವರ್ಷದ್ದರಾಗ ಪ್ರತಿ ವರ್ಷ ಒಂದು ರೂಪಾಯಿ ಕಮ್ಮಿ, ಅದೂ 30 ಸಲ, ಬೆಲೆ 88.74ಕ್ಕ ಇಳೀತೈತಿ. ಬಡ್ಡಿ 6%ಕ್ಕ ಇಳಿದ್ರ ಅದೇ ಬಾಂಡ್ ಸುಮಾರು 113.76. ರೀಲ್‌ನವರು ತೋರಿಸೋದು ಈ ಎರಡನೇ ಸಂಖ್ಯೆ ಅಷ್ಟ!

ಈ ಜಗ್ಗಾಟದ ಅಳತೆನ ಡ್ಯುರೇಷನ್. ಫಂಡ್‌ನ ಫ್ಯಾಕ್ಟ್‌ಶೀಟ್‌ನ್ಯಾಗ "ಮಾಡಿಫೈಡ್ ಡ್ಯುರೇಷನ್" ಅಂತ ಇರ್ತೈತಿ. ನಮ್ಮ 30 ವರ್ಷದ ಬಾಂಡ್‌ಗೆ ಅದು ಸುಮಾರು 12.4. ಅಂದ್ರ ಬಡ್ಡಿ 0.1% ಏರಿದ್ರ ಬೆಲೆ ಸುಮಾರು 1.24% ಇಳೀತೈತಿ. ದೊಡ್ಡ ಏರಿಳಿತಕ್ಕ ಈ ಗುಣಾಕಾರ ಅಂದಾಜು ಮಾತ್ರ. ಮ್ಯಾಲೆ ಇಳಿದದ್ದು 12.4 ಅಲ್ಲ, 11.26.

(3/3)
"ಆರ್‌ಬಿಐ ಬಡ್ಡಿ ಇಳಿಸಾಕತ್ತೈತಿ, ಲಾಂಗ್ ಫಂಡ್ ತಗೋರಿ" ಅಂತಾರಲ್ಲ, ಅವರಿಗೆ 2025ರ ಜೂನ್ 6 ನೆನಪು ಮಾಡ್ರಿ. ಆವತ್ತು ರೆಪೊ 6ರಿಂದ 5.5%ಕ್ಕ ಇಳೀತು. ಆದ್ರ ಮುಂದ ಇನ್ನ ಇಳಿಸೋದಕ್ಕ ಜಾಗ ಕಮ್ಮಿ ಅಂತ ಆರ್‌ಬಿಐ ಅಂದಿತು, ಆಮ್ಯಾಲೆ ದೀರ್ಘಾವಧಿ ಬಾಂಡ್‌ಗಳ ಬಡ್ಡಿ ಏರಿತು, ಬೆಲೆ ಇಳೀತು. ರೆಪೊ ಒಂದು ರಾತ್ರಿಯ ಸಾಲದ ದರ. 30 ವರ್ಷದ ದರ ಹೇಳೋದು ಮಾರುಕಟ್ಟೆ.

"ತಡದ್ರ ಸರಿ ಹೋಗತೈತಿ" ಅನ್ನೋದೂ ಪೂರಾ ಖರೆ ಅಲ್ಲ. ಬಾಂಡ್‌ಗೆ ಮುಗಿಯೋ ದಿನ ಐತಿ. ಸಾಮಾನ್ಯ ಗಿಲ್ಟ್ ಫಂಡ್‌ಗೆ ಇಲ್ಲ. ಹಳೇದು ಮಾರಿ ಹೊಸದು ಕೊಳ್ತಾನ ಇರ್ತೈತಿ.

ಸೆಬಿ ನಿಯಮದಾಗ ಲಿಕ್ವಿಡ್ ಫಂಡ್ ಕೊಳ್ಳೋದು 91 ದಿನದೊಳಗ ಮುಗಿಯೋ ಪತ್ರ ಮಾತ್ರ. ಲಾಂಗ್ ಡ್ಯುರೇಷನ್ ಫಂಡ್‌ಗೆ ಮೆಕಾಲೆ ಡ್ಯುರೇಷನ್ 7 ವರ್ಷಕ್ಕಿಂತ ಹೆಚ್ಚಿರಬೇಕು. ಎರಡಕ್ಕೂ ಹೆಸರು "ಡೆಟ್ ಫಂಡ್". ಮುಂದಿನ ಜೂನ್‌ಗೆ ಬೆಳಗಾವಿ ಕಾಲೇಜಿನ ಫೀ ಕಟ್ಟೋ ರೊಕ್ಕ ಎರಡನೇದರಾಗ ಹಾಕು ಅಂತ ಯಾರರ ಹೇಳಿದ್ರ, ಡ್ಯುರೇಷನ್ ಎಷ್ಟು ಅಂತ ಒಂದ ಪ್ರಶ್ನೆ ಕೇಳ್ರಿ. ಉತ್ತರ ಬರಲಿಲ್ಲ ಅಂದ್ರ ಫೀ ರೊಕ್ಕ ಅವರ ಕೈಗೆ ಕೊಡಬ್ಯಾಡ್ರಿ.