ಬಾಂಡ್ ನಾಲ್ಕು, ಬ್ಯಾಂಕ್ ಒಂದೇ: ಇದು ಹಣ ಹಂಚಿಟ್ಟಂತೆ ಅಲ್ಲ

2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ಆರ್‌ಬಿಐ ನಿರ್ಬಂಧ ಹೇರಿತು. ಖಾತೆಯಲ್ಲಿ ಎಷ್ಟೇ ಇರಲಿ, ಮೊದಲಿಗೆ ತೆಗೆಯಲು ಬಿಟ್ಟಿದ್ದು 35 ಸಾವಿರ ರೂಪಾಯಿ ಮಾತ್ರ. ನಿವೃತ್ತಿ ದುಡ್ಡೆಲ್ಲ ಅಲ್ಲೇ ಇಟ್ಟಿದ್ದವರು ಪರದಾಡಿದರು.

ಹಂಚಿಡಿ ಅಂದರೆ ಕೆಲವರು ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಯಲ್ಲಿ ಬಾಂಡ್ ಮಾಡಿಸ್ತಾರೆ. ಅದರಿಂದ ಪ್ರಯೋಜನ ಇಲ್ಲ. ಠೇವಣಿ ವಿಮೆ ಸಿಗೋದು ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷದವರೆಗೆ, ಅದೂ ಎಲ್ಲ ಶಾಖೆಗಳ ಅಸಲು, ಬಡ್ಡಿ ಸೇರಿಸಿ.

ಸೈಟ್ ಮಾರಿ 20 ಲಕ್ಷ ಬಂತು ಅಂದುಕೊಳ್ಳಿ. ಎಲ್ಲವೂ ಒಂದೇ ಬ್ಯಾಂಕಿನಲ್ಲಿದ್ದು ಅದು ಮುಳುಗಿದರೆ 15 ಲಕ್ಷ ಅತಂತ್ರ. ಅದರ ಬದಲು ಎರಡು ಬ್ಯಾಂಕಿಗೆ ತಲಾ ನಾಲ್ಕು ಲಕ್ಷ, ಅಂಚೆ ಕಚೇರಿಗೆ 7 ಲಕ್ಷ, ಚಿನ್ನಕ್ಕೆ 3 ಲಕ್ಷ, ಷೇರಿನ ಮ್ಯೂಚುವಲ್ ಫಂಡ್‌ಗೆ 2 ಲಕ್ಷ ಹಾಕಿದರೆ ಲೆಕ್ಕವೇ ಬೇರೆ. ಒಂದು ಬ್ಯಾಂಕ್ ಮುಳುಗಿದರೂ ಆ ನಾಲ್ಕು ಲಕ್ಷ ಬಡ್ಡಿ ಸಮೇತ ವಿಮೆಯೊಳಗೇ ಇರುತ್ತೆ. 2020ರ ಮಾರ್ಚ್‌ನಲ್ಲಿ ಸೆನ್ಸೆಕ್ಸ್ ಜನವರಿಯ ಎತ್ತರದಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ಫಂಡ್ ಶೇಕಡ 40 ಬಿದ್ದರೂ ಹೋಗೋದು 80 ಸಾವಿರ, ಅಂದರೆ ಒಟ್ಟು ಹಣದಲ್ಲಿ ನೂರಕ್ಕೆ ನಾಲ್ಕು. ಬ್ಯಾಂಕ್ ಮುಳುಗುವ ಕಾರಣವೇ ಬೇರೆ, ಷೇರು ಬೀಳುವ ಕಾರಣವೇ ಬೇರೆ.

ಹೀಗೆ ಹಂಚಿದರೆ ಬರುವ ಆದಾಯ ಸ್ವಲ್ಪ ಕಡಿಮೆಯಾಗಬಹುದು, ನಿಜ. ಆದರೆ ಜಾಸ್ತಿ ಬಡ್ಡಿ ಆಸೆಗೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಇಟ್ಟ ಠೇವಣಿಗೆ ಈ ವಿಮೆಯೇ ಇಲ್ಲ. ಬ್ಯಾಂಕ್ ಅಂತ ಬೋರ್ಡ್ ಇದ್ದರೂ, ದುಡ್ಡು ಕಟ್ಟುವ ಮೊದಲು ಡಿಐಸಿಜಿಸಿ ವೆಬ್‌ಸೈಟಿನ ಪಟ್ಟಿಯಲ್ಲಿ ಅದರ ಹೆಸರಿದೆಯಾ ಅಂತ ನೋಡಬಹುದು.