ಗೇಟು ಇಲ್ಲಿ, ಯಜಮಾನ ಎಲ್ಲಿ?

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಗೇಟುಗಳ ಮುಂದೆ ಅರ್ಜಿ ಹಿಡಿದು ನಿಂತ ನಮ್ಮ ಜನಕ್ಕೆ ಒಂದು ಮಾತು ಬಾಯಿಪಾಠವಾಗಿಬಿಟ್ಟಿದೆ: "ನಮ್ ಕೈಲಿ ಏನೂ ಇಲ್ಲ ಕಣ್ರಪ್ಪ, ಮೇಲಿನೋರು ಹೇಳಬೇಕು." ಜಮೀನು ಕೊಟ್ಟವನಿಗೂ ಇದೇ ಮಾತು, ಕಂಟ್ರಾಕ್ಟಿನಲ್ಲಿ ದುಡಿಯುವವನಿಗೂ ಇದೇ ಮಾತು. ಹಾಗಾದರೆ ಈ ಮೇಲಿನೋರು ಯಾರು? ಯಾವ ಊರಲ್ಲವ್ರೆ? ಇದೇ ಕಂಪನಿಗೆ ಇನ್ನೆಲ್ಲೆಲ್ಲಿ ಗೇಟುಗಳಿವೆ? ಗೇಟಿನ ಸೆಕ್ಯೂರಿಟಿಯವನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಆದರೆ ಉತ್ತರ ಗುಟ್ಟಿನದೇನಲ್ಲ. ಕಂಪನಿಯೇ ಪ್ರತಿ ವರ್ಷ ಅದನ್ನು ಅಚ್ಚು ಹಾಕಿಸುತ್ತದೆ.

ಷೇರುಪೇಟೆಯಲ್ಲಿ ಹೆಸರಿರುವ ಪ್ರತಿ ಕಂಪನಿಯೂ ವರ್ಷಕ್ಕೊಂದು ವಾರ್ಷಿಕ ವರದಿ ತರಬೇಕು. ಅದರೊಳಗೆ ತನ್ನ ಕಾರ್ಖಾನೆಗಳು ಎಲ್ಲೆಲ್ಲಿವೆ ಎಂದು ಹೇಳಬೇಕು ಎಂಬುದು ಸೆಬಿಯ 2015ರ ನಿಯಮ. ಆ ಪುಸ್ತಕ ನಮಗಾಗಿ ಬರೆದದ್ದಲ್ಲ, ದುಡ್ಡು ಹಾಕಿದವನಿಗಾಗಿ ಬರೆದದ್ದು. ಬೆವರು ಹಾಕಿದವನು ಓದಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ!

ನಮ್ಮ ನಂಜನಗೂಡಿನಲ್ಲೇ ಇರುವ ನೆಸ್ಲೆಯನ್ನು ತೆಗೆದುಕೊಳ್ಳೋಣ. ಕಾಫಿ ಪುಡಿ, ಮ್ಯಾಗಿ ಮಾಡುವ ಈ ಕಾರ್ಖಾನೆ 1989ರಿಂದ ಇದೆ. bseindia.com ಎಂಬ ತಾಣದಲ್ಲಿ ಕಂಪನಿಯ ಹೆಸರನ್ನಾಗಲಿ, 500790 ಎಂಬ ಅದರ ನಂಬರನ್ನಾಗಲಿ ಟೈಪ್ ಮಾಡಿದರೆ ವರ್ಷವರ್ಷದ ವರದಿಗಳು ಸಿಗುತ್ತವೆ. ದುಡ್ಡು ಕೊಡಬೇಕಾಗಿಲ್ಲ. ನೂರಾರು ಪುಟ ನೋಡಿ ಹೆದರಬೇಡಿ. ಮೊದಲ ಪುಟಗಳೆಲ್ಲ ಬಣ್ಣದ ಫೋಟೋ, ನಗುವ ಮುಖ, ಅವನ್ನು ಬಿಡಿ. ಹುಡುಕುವ ಜಾಗದಲ್ಲಿ Plant Locations ಎಂದು ಹಾಕಿ. ಷೇರುದಾರರಿಗೆ ಕೊಡುವ ಸಾಮಾನ್ಯ ಮಾಹಿತಿಯ ಭಾಗಕ್ಕೆ ಬಂದು ನಿಲ್ಲುತ್ತೀರಿ.

ಅಲ್ಲಿ ನಂಜನಗೂಡು ಒಂಟಿಯಾಗಿಲ್ಲ. ಪಂಜಾಬಿನ ಮೋಗಾ, ಹರಿಯಾಣದ ಸಮಾಲ್ಖಾ, ಗೋವಾದ ಪೋಂಡಾ ಮತ್ತು ಬಿಚೋಲಿಂ, ಉತ್ತರಾಖಂಡದ ಪಂತನಗರ, ಹಿಮಾಚಲದ ತಾಹ್ಲಿವಾಲ್, ಗುಜರಾತಿನ ಸಾನಂದ್, ನೀಲಗಿರಿಯ ಚೋಲಾಡಿ ಅದರ ಜೊತೆಗಿವೆ. ಚೋಲಾಡಿ ಎಂದರೆ ದೂರದ್ದೇನಲ್ಲ, ಗುಂಡ್ಲುಪೇಟೆ ದಾಟಿ ಗೂಡಲೂರಿನ ಆಚೆಗೆ. ಒಂದೇ ಕಂಪನಿ, ಒಂದೇ ಲೆಕ್ಕದ ಪುಸ್ತಕ. ಅಲ್ಲಿಯವನಿಗೆ ಕೂಲಿ ಎಷ್ಟು, ಕ್ಯಾಂಟೀನು ಹೇಗಿದೆ, ಎಷ್ಟು ವರ್ಷಕ್ಕೆ ಕಾಯಂ ಮಾಡಿದರು ಎಂದು ಕೇಳಿ ತಿಳಿಯಬೇಕಾದರೆ, ಅಲ್ಲೊಬ್ಬನಿದ್ದಾನೆ ಎಂಬುದು ಮೊದಲು ಗೊತ್ತಾಗಬೇಕು.

ಅದೇ ವರದಿಯಲ್ಲಿ L15202DL1959PLC003786 ಎಂಬ ಉದ್ದದ ನಂಬರೊಂದಿದೆ. ಇದು ಕಂಪನಿಯ ಜಾತಕ. ಮೊದಲ ಅಕ್ಷರ L ಅಂದರೆ ಷೇರುಪೇಟೆಯಲ್ಲಿದೆ. U ಇದ್ದರೆ ಇಲ್ಲ. DL ಅಂದರೆ ರಿಜಿಸ್ಟರ್ಡ್ ಆಫೀಸು ದೆಹಲಿಯಲ್ಲಿದೆ. 1959 ಹುಟ್ಟಿದ ವರ್ಷ. ಆದರೆ ಎಚ್ಚರ: ರಿಜಿಸ್ಟರ್ಡ್ ಆಫೀಸು ಕಾನೂನಿನ ವಿಳಾಸ. ನೋಟೀಸು ಕಳಿಸುವುದು ಅಲ್ಲಿಗೆ. ಆಡಳಿತ ನಡೆಸುವ ಹೆಡ್ ಆಫೀಸು ಬೇರೆ ಊರಲ್ಲಿರಬಹುದು. ನೆಸ್ಲೆಯದು ಗುರುಗ್ರಾಮದಲ್ಲಿದೆ. ಅರ್ಜಿ ಬರೆಯುವವರು ಎರಡಕ್ಕೂ ಬರೆಯಬೇಕು.

ಇನ್ನು ಮೋಸ ಹೋಗುವ ಜಾಗಗಳನ್ನು ಹೇಳುತ್ತೇವೆ. ಮೊದಲನೆಯದು ಹೆಸರು. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ನಂಜನಗೂಡಿನ ಔಷಧಿ ಕಾರ್ಖಾನೆಯೊಂದು ನಾಡಿನ ಬಾಯಿಗೆಲ್ಲ ಬಿತ್ತು. ಪೇಪರಿನಲ್ಲಿ ಬಂದ ಹೆಸರು ಜುಬಿಲಂಟ್ ಜೆನೆರಿಕ್ಸ್. ಆ ಹೆಸರನ್ನು ಷೇರುಪೇಟೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅದು ಮರಿ ಕಂಪನಿ. ತಾಯಿ ಕಂಪನಿ ಆಗ ಜುಬಿಲಂಟ್ ಲೈಫ್ ಸೈನ್ಸಸ್. 2021ರಲ್ಲಿ ಅದರ ಹೆಸರೂ ಬದಲಾಗಿ ಜುಬಿಲಂಟ್ ಫಾರ್ಮೋವಾ ಆಯಿತು. ರಿಜಿಸ್ಟರ್ಡ್ ಆಫೀಸು ಉತ್ತರ ಪ್ರದೇಶದ ಗಜರೌಲಾದಲ್ಲಿ. ಗೇಟಿನ ಬೋರ್ಡು ನಂಬಿ ಹುಡುಕಿದವನು ಬರಿಗೈಲಿ ವಾಪಸ್ ಬರುತ್ತಾನೆ. ಮರಿ ಕಂಪನಿಗಳ ಪಟ್ಟಿ ತಾಯಿಯ ವರದಿಯಲ್ಲೇ AOC-1 ಎಂಬ ನಮೂನೆಯಲ್ಲಿರುತ್ತದೆ. ಅದು ಹೆಸರು ಹೇಳುತ್ತದೆ, ಕಾರ್ಖಾನೆಯ ವಿಳಾಸ ಹೇಳುವುದಿಲ್ಲ.

ಷೇರುಪೇಟೆಯಲ್ಲೇ ಇಲ್ಲದ ಪ್ರೈವೇಟ್ ಲಿಮಿಟೆಡ್ ಆದರೆ? ಅದೂ ವರ್ಷಕ್ಕೊಮ್ಮೆ MGT-7 ಎಂಬ ರಿಟರ್ನು, AOC-4 ಎಂಬ ಲೆಕ್ಕ ಸಲ್ಲಿಸಬೇಕು. ಕೇಂದ್ರ ಸರ್ಕಾರದ mca.gov.in ನಲ್ಲಿ ಕಂಪನಿಯೊಂದಕ್ಕೆ 100 ರೂಪಾಯಿ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ರಿಜಿಸ್ಟರ್ಡ್ ಆಫೀಸು, ಡೈರೆಕ್ಟರುಗಳು, ತಾಯಿ ಕಂಪನಿ ಸಿಗುತ್ತವೆ. ಕಾರ್ಖಾನೆಗಳ ಪಟ್ಟಿ ಸಿಗುವುದಿಲ್ಲ. ಆಗ ತಾಯಿಯ ಬೆನ್ನು ಹತ್ತಬೇಕು. ನಂಜನಗೂಡಿನಲ್ಲಿ ಸರ್ಕ್ಯೂಟ್ ಬೋರ್ಡು ಮಾಡುವ ಎಟಿ ಅಂಡ್ ಎಸ್ ಹೀಗೆ ಪ್ರೈವೇಟು. ಅದರ ತಾಯಿ ಇರುವುದು ಆಸ್ಟ್ರಿಯಾ ದೇಶದ ಲಿಯೋಬೆನ್ ಊರಲ್ಲಿ. ಆ ತಾಯಿಯ ವಾರ್ಷಿಕ ವರದಿಯಲ್ಲಿ ಶಾಂಘೈ, ಚಾಂಗ್‌ಚಿಂಗ್‌ಗಳ ಪಕ್ಕದಲ್ಲಿ ನಂಜನಗೂಡು ಕೂತಿದೆ.

ಎರಡನೆಯ ಮೋಸ ಅಂಕಿಯದು. 2022-23ರಿಂದ ದೊಡ್ಡ ಸಾವಿರ ಕಂಪನಿಗಳು BRSR ಎಂಬ ಇನ್ನೊಂದು ವರದಿ ಕೊಡಲೇಬೇಕು. ಅದರಲ್ಲಿ ಇಷ್ಟು ಕಾರ್ಖಾನೆ, ಇಷ್ಟು ಆಫೀಸು ಎಂಬ ಲೆಕ್ಕ ಮಾತ್ರ ಇರುತ್ತದೆ, ಊರುಗಳ ಹೆಸರಿರುವುದಿಲ್ಲ. ಆದರೂ ಅದು ಕೆಲಸಕ್ಕೆ ಬರುತ್ತದೆ. ವಿಳಾಸದ ಪಟ್ಟಿಯಲ್ಲಿ ಏಳು ಇದ್ದು ಇಲ್ಲಿ ಒಂಬತ್ತು ಎಂದಿದ್ದರೆ, ಎರಡು ಕಾರ್ಖಾನೆ ಬಹುಶಃ ಮರಿ ಕಂಪನಿಯ ಹೆಸರಲ್ಲಿವೆ ಎಂದು ಅನುಮಾನ ಪಡಬೇಕು. ಇದೇ ವರದಿ ಕಾಯಂ ಕೆಲಸಗಾರರು ಎಷ್ಟು, ಕಾಯಂ ಅಲ್ಲದವರು ಎಷ್ಟು ಎಂದೂ ಹೇಳುತ್ತದೆ. ಆದರೆ ಇಡೀ ಕಂಪನಿಗೆ ಸೇರಿಸಿ. ನಂಜನಗೂಡಿನಲ್ಲಿ ಎಷ್ಟು ಎಂದು ಬಿಡಿಸುವುದಿಲ್ಲ. ಆ ಲೆಕ್ಕದಲ್ಲಿ ಗಂಡಸು, ಹೆಂಗಸು, ಅಂಗವಿಕಲರು ಎಂಬ ಕಾಲಂಗಳಿವೆ, ಜಾತಿಯ ಕಾಲಂ ಇಲ್ಲ. ಕೇರಿಯಿಂದ ಎಷ್ಟು ಜನ ಒಳಗೆ ಹೋದರು ಎಂಬುದನ್ನು ನಾವೇ ಎಣಿಸಬೇಕು.

ಮೂರನೆಯದು ಕಾಲ. ಸಾಮಾನ್ಯವಾಗಿ ಲೆಕ್ಕ ಮುಗಿಯುವುದು ಮಾರ್ಚಿಗೆ, ಷೇರುದಾರರ ಸಭೆ ಸೆಪ್ಟೆಂಬರಿನೊಳಗೆ, MGT-7 ಅದಾಗಿ 60 ದಿನಕ್ಕೆ. ಆದ್ದರಿಂದ ಏಪ್ರಿಲಿನಲ್ಲಿ ಮುಚ್ಚಿದ ಕಾರ್ಖಾನೆ ಆ ವರ್ಷದ ಪಟ್ಟಿಯಲ್ಲಿ ಇನ್ನೂ ಬದುಕಿರಬಹುದು. ಒಂದೇ ವರ್ಷದ್ದನ್ನು ನೋಡಬೇಡಿ. ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟರೆ ಯಾವ ಊರು ಸೇರಿತು, ಯಾವ ಊರು ಉದುರಿತು ಎಂಬುದು ತಾನೇ ಕಾಣುತ್ತದೆ.

ತಿ. ನರಸೀಪುರದ ಗೆಳೆಯರು ನಮಗೇನಿದೆ ಇದರಲ್ಲಿ ಎನ್ನಬಹುದು. ನಿಮ್ಮೂರಿನ ರೇಷ್ಮೆ ಫಿಲೇಚರ್ ಕೂಡ ಕಂಪನಿಯದೇ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿ, ಸರ್ಕಾರದ ಕಂಪನಿ. ನಿಮ್ಮಲ್ಲಿ ಬಿಚ್ಚಿದ ನೂಲು ಮೈಸೂರಿನ ಕಾರ್ಖಾನೆಯಲ್ಲಿ ಸೀರೆಯಾಗಿ ಬೆಂಗಳೂರಿನ ಶೋರೂಮಿನಲ್ಲಿ ನೇತಾಡುತ್ತದೆ. ಅದರ ವಾರ್ಷಿಕ ವರದಿಯನ್ನು ವಿಧಾನಮಂಡಲದ ಮುಂದೆ ಇಡಲೇಬೇಕು. ಜೊತೆಗೆ 2005ರ ಮಾಹಿತಿ ಹಕ್ಕು ಇದಕ್ಕೆ ನೇರವಾಗಿ ತಾಗುತ್ತದೆ. ಖಾಸಗಿಯವನು ಬರೆದಷ್ಟನ್ನೇ ನಾವು ಓದಬೇಕು. ಇಲ್ಲಿ ಬರೆಯದ್ದನ್ನೂ, ಘಟಕವಾರು ಎಷ್ಟು ಜನ, ಯಾವ ಮೀಸಲಾತಿಯಲ್ಲಿ ಎಂಬುದನ್ನೂ ಕೇಳಬಹುದು.

ಹಾಗಾಗಿ ಮುಂದಿನ ಸಭೆಗೆ ಬರುವಾಗ ನಿಮ್ಮ ಊರ ಹತ್ತಿರದ ಗೇಟಿನ ಬೋರ್ಡನ್ನು ಅಕ್ಷರ ಬಿಡದೆ ಬರೆದು ತನ್ನಿ. ಲಿಮಿಟೆಡ್ಡೋ ಪ್ರೈವೇಟ್ ಲಿಮಿಟೆಡ್ಡೋ ಎಂಬುದನ್ನು ಬಿಡಬೇಡಿ. ಉದ್ದದ ನಂಬರು ಸಂಬಳದ ಚೀಟಿಯಲ್ಲಾಗಲಿ ಕಂಪನಿಯ ಕಾಗದದ ತಲೆಬರಹದಲ್ಲಾಗಲಿ ಇದ್ದರೆ ಅದನ್ನೂ ತನ್ನಿ. ಕೂತು ಪಟ್ಟಿ ಮಾಡೋಣ: ಗೇಟು, ಮರಿ, ತಾಯಿ, ರಿಜಿಸ್ಟರ್ಡ್ ಆಫೀಸು, ಉಳಿದ ಊರುಗಳು. ಮೇಲಿನೋರು ಹೇಳಬೇಕು ಎಂದವನಿಗೆ ಆಮೇಲೆ ನಾವೇ ಮೇಲಿನೋರ ವಿಳಾಸ ಹೇಳಿಬರೋಣ.