"ನಾನ್ಯಾರು ಹೇಳು ನೋಡೋಣ" ಅನ್ನೋದು ನಮಸ್ಕಾರ ಅಲ್ಲ | ಭಾಗ 3

ಕಣ್ಣು ಕಾಣದ ಕ್ಲಾಸ್‌ಮೇಟ್ ಭುಜ ಹಿಂದಿನಿಂದ ಹಿಡಿದು "ನಾನ್ಯಾರು ಹೇಳು?" ಅಂತೀರಲ್ಲ, ಅದೇನು ವೈವಾನಾ? ಕ್ಯಾಂಟೀನ್ ಗದ್ದಲದಲ್ಲಿ ಯಾರ ದನಿ ಅಂತ ಹೇಗೆ ಗೊತ್ತಾಗಬೇಕು? ತಪ್ಪು ಹೇಳಿದ್ರೆ ನಗೋದು ನೀವು, ಪೆಚ್ಚಾಗೋದು ಅವರು.

ಮೊದಲು ಅವರ ಹೆಸರು ಹಿಡಿದು ಕರೀರಿ. ಇಲ್ಲಾಂದ್ರೆ ಮಾತು ತಮಗೇನಾ ಅಂತ ಅವರಿಗೆ ತಿಳಿಯಲ್ಲ. ಆಮೇಲೆ ನಿಮ್ಮ ಹೆಸರು: "ಮಂಜು, ನಾನು ಕಾವ್ಯ, ಬಿ ಸೆಕ್ಷನ್."

ಕೈ ಕುಲುಕಬೇಕಾ? "ಕೈ ಕೊಡ್ಲಾ?" ಅಂತ ಕೇಳಿ, ಹ್ಞೂಂ ಅಂದ್ರೆ ನಿಮ್ಮ ಮುಂಗೈ ಹಿಂಬದಿಯನ್ನ ಅವರ ಕೈಗೆ ಮೆಲ್ಲಗೆ ತಾಗಿಸಿ. ಹಿಡ್ಕೊಳ್ಳೋದು ಅವರಿಗೆ ಬಿಡಿ.

ಹೊರಡುವಾಗಲೂ ಹೇಳಿ ಹೋಗಿ. ಸುಮ್ಮನೆ ಎದ್ದು ಹೋದ್ರೆ ಅವರು ಖಾಲಿ ಕುರ್ಚಿ ಜತೆ ಮಾತಾಡ್ತಿರ್ತಾರೆ.

ಕಿವಿ ಕೇಳಿಸದವರ ಹತ್ರ ಇದೆಲ್ಲ ಉಲ್ಟಾ: ಕೂಗಬೇಡಿ, ಕಣ್ಣೆದುರು ಬಂದು ಕೈ ಬೀಸಿ, ಕೈ ಮುಗೀರಿ. ಅಷ್ಟೇ ನಮಸ್ತೆ.